ಎಂದಳು, ಅಷ್ಟೇ

ಶೀಲಾವತಿ ಕಿರುಚಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಅವತ್ತು ಫೋರ್ಟಿನ ಆ ಉಡುಪಿ ಹೋಟೆಲಿನಲ್ಲಿ ನಾನಿದ್ದೆ, ಫ್ಯಾಮಿಲಿ ರೂಮಿನ ಅರ್ಧ ಬಾಗಿಲಿನ ಹಿಂದೆ, ಮುಂದೆ ಒಂದು ಮಸಾಲೆ ದೋಸೆ ಇಟ್ಟುಕೊಂಡು. ನನ್ನ ಎರಡೂ ಕಿವಿ ಸರಿಯಾಗಿವೆ. ವಿಮಾ ಕಂಪನಿಯ ಸಾಹೇಬರು ಬಾಯೊಳಗೇ ಅರ್ಧ ನುಂಗುವ ಇಂಗ್ಲಿಷನ್ನು ದಿನಕ್ಕೆ ಏಳು ತಾಸು ಕೇಳಿ ಟೈಪು ಮಾಡುವವಳು ನಾನು. ಯಾರು ಯಾವ ದನಿಯಲ್ಲಿ ಮಾತಾಡಿದರು ಎನ್ನುವುದು ನನಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು?

ಶೀಲಾವತಿಯ ಗಂಡ ಅಂಗಾರ ಆ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸುತ್ತಿದ್ದ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ನಮ್ಮದು ಮೇಲಿನ ಖೋಲಿ, ಅವರದು ಕೆಳಗಿನದು. ದೊಡ್ಡ ಹಂಡೆಯ ಮುಚ್ಚಳದ ಹಿಡಿ ಸಡಿಲಾಗಿತ್ತು. ಒಂದು ಬೆಳಿಗ್ಗೆ ಅದು ಕಿತ್ತು ಬಂದು, ಹಬೆಯೆಲ್ಲ ಅವನ ಬಲಗೈ ಮೇಲೆ ಹೊಡೆಯಿತು. ಮೊಳಕೈವರೆಗೆ ಚರ್ಮ ಸುಲಿದು ಹೋಯಿತು. ಹೋಟೆಲಿನ ಮಾಲೀಕ ಶೇಖರಣ್ಣ ಅವನನ್ನು ಆಸ್ಪತ್ರೆಗೇನೋ ಕಳಿಸಿದ. ಆದರೆ ಮಧ್ಯಾಹ್ನದೊಳಗೆ, ಕುಡಿದು ಕೆಲಸಕ್ಕೆ ಬಂದಿದ್ದ, ಅದಕ್ಕೇ ಹೀಗಾಯಿತು ಎಂದು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳತೊಡಗಿದ. ಅಂಗಾರ ಕುಡಿಯುವವನಲ್ಲ. ಅವನ ಬಾಯಿಂದ ಬೀಡಿಯ ವಾಸನೆಯೂ ಬಂದದ್ದನ್ನು ನಮ್ಮ ಚಾಳಿನವರು ಕಂಡಿಲ್ಲ.

ಆರನೆಯ ದಿನ ಶೀಲಾವತಿ ಹೋಟೆಲಿಗೆ ಬಂದಳು. ಊಟದ ಹೊತ್ತು, ಮೇಜುಗಳೆಲ್ಲ ತುಂಬಿದ್ದವು. ಗಲ್ಲಾದ ಎದುರು ನಿಂತು, ಗಿರಾಕಿಗಳಿಗೂ ಅರ್ಥವಾಗಲಿ ಎಂದೋ ಏನೋ, ತುಳು ಬಿಟ್ಟು ಕನ್ನಡದಲ್ಲೇ ಮಾತಾಡಿದಳು. ಮುಚ್ಚಳದ ವಿಷಯ ಗಂಡ ಮೂರು ಸಲ ಹೇಳಿದ್ದನ್ನು ಹೇಳಿದಳು. ಕುಡಿದಿದ್ದ ಎನ್ನುವ ಮಾತನ್ನು ಧಣಿಗಳು ವಾಪಸು ತೆಗೆದುಕೊಳ್ಳಬೇಕು ಎಂದಳು. ದನಿ ಎತ್ತಲಿಲ್ಲ, ಅಳಲಿಲ್ಲ, ಕೈ ಬೀಸಲಿಲ್ಲ. ಶೇಖರಣ್ಣ ಮುಖ ತಿರುಗಿಸಿ ಚಿಲ್ಲರೆ ಕೊಡುತ್ತಲೇ ಇದ್ದ. ಸ್ವಲ್ಪ ಹೊತ್ತು ನಿಂತಳು, ಹೋದಳು.

ಸಂಜೆಗಾಗಲೇ ಕಥೆ ಬೇರೆಯಾಗಿತ್ತು. ಕುಡುಕನ ಹೆಂಡತಿ ಬಂದು ಗಿರಾಕಿಗಳ ಮುಂದೆ ಕಿರುಚಿ ಕೂಗಾಡಿ ಬಜಾರಿತನ ಮಾಡಿದಳಂತೆ. ಫೋರ್ಟಿನ ಹೋಟೆಲಿನವರು ಒಬ್ಬರಿಗೊಬ್ಬರು ನಂಟರು, ಊರವರು. ಕೈ ಒಂದಿಷ್ಟು ಮಾಯ್ದ ಮೇಲೆ ಅಂಗಾರ ಕಾಫಿ ಸೋಸುವ ಕೆಲಸವಾದರೂ ಸಿಕ್ಕೀತೇ ಎಂದು ಮೂರು ಕಡೆ ಕೇಳಿದ. ಮೂರೂ ಕಡೆ, ನೀನು ಬೇಡವೆಂದಲ್ಲ, ನಿನ್ನ ಹೆಂಡತಿ ನಾಳೆ ನಮ್ಮ ಗಲ್ಲಾದ ಮುಂದೆ ನಿಂತರೆ ಏನು ಮಾಡೋಣ ಎಂದರು. ಕೈ ಸುಟ್ಟದ್ದಕ್ಕಿಂತ ಆ ಕಿರುಚಾಟದ ಸುಳ್ಳೇ ಅವರ ಅನ್ನಕ್ಕೆ ಕಲ್ಲು ಹಾಕಿತು.

ನನಗೆ ಮೈ ಉರಿದು ಹೋಯಿತು. ಉರಿದರೆ ನಾನು ಮಾಡುವುದು ಒಂದೇ, ಬರೆಯುವುದು. ಹೆಸರು ಬದಲಿಸಿ ಒಂದು ಕಥೆ ಬರೆದೆ. ಫೋರ್ಟಿನ ಒಂದು ಗಲ್ಲಿಯಲ್ಲಿ ಅಚ್ಚಾಗುವ ‘ಕಡಲ ಕನ್ನಡಿ’ ಎಂಬ ಮಾಸಪತ್ರಿಕೆಗೆ ಕಳಿಸಿದೆ. ಉಡುಪಿ ಹೋಟೆಲುಗಳ ಗಲ್ಲಾದ ಪಕ್ಕದಲ್ಲೆಲ್ಲ ಆ ಪತ್ರಿಕೆ ಬಿದ್ದಿರುತ್ತದೆ, ಗಿರಾಕಿಗಳು ಕಾಫಿ ಬರುವವರೆಗೆ ತಿರುವಿ ಹಾಕುತ್ತಾರೆ. ಹೆಸರು ಬದಲಿಸಿದರೂ ಯಾವ ಹೋಟೆಲು, ಯಾವ ಹೆಂಗಸು ಎನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆದದ್ದು. ಅವಳು ಹೇಗೆ ಮಾತಾಡಿದಳೋ ಹಾಗೆ ಅಚ್ಚಿನಲ್ಲಿ ನಿಂತರೆ ಸಾಕಿತ್ತು.

ಗುರುವಾರ ಕರಡಚ್ಚು ಬಂತು. ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತಿ, ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸಿಕ್ಕಿದ ಖುಷಿಯಲ್ಲಿ ಬಿಡಿಸಿ ಓದಿದೆ. ಗ್ರಾಂಟ್ ರೋಡ್ ದಾಟುವ ಹೊತ್ತಿಗೆ ಮೊದಲ ಸಾಲಿಗೇ ವಾಪಸು ಹೋಗಿ ಮತ್ತೆ ಓದುತ್ತಿದ್ದೆ.

ನನ್ನ ಹೆಂಗಸು ಮೊದಲ ಮಾತಿಗೆ ಕಿರುಚಿದ್ದಳು. ಎರಡನೆಯದಕ್ಕೆ ಚೀರಿದ್ದಳು. ಮೂರನೆಯದಕ್ಕೆ ಅರಚಿದ್ದಳು. ಅನಂತರ ಗೋಗರೆದು, ಹಲುಬಿ, ಆರ್ಭಟಿಸಿದ್ದಳು. ಹೋಟೆಲಿನ ಮಾಲೀಕ ಹೂಂಕರಿಸಿದ್ದ. ಮಾಣಿಯೊಬ್ಬ ಅಡುಗೆಮನೆಯ ಕಡೆಗೆ ತಿರುಗಿ ‘ಎರಡು ಇಡ್ಲಿ, ಒಂದು ಕಾಫಿ’ ಎಂದು ಉಲಿದಿದ್ದ. ಇಡ್ಲಿ ಕಾಫಿಯನ್ನು ಯಾರಾದರೂ ಉಲಿಯುತ್ತಾರೆಯೇ? ಇಲ್ಲೆಲ್ಲ ನಾನು ‘ಎಂದಳು’, ‘ಎಂದ’ ಎಂದು ಬರೆದಿದ್ದೆ. ಅದರಲ್ಲಿ ಒಂದನ್ನೂ ಸಂಪಾದಕರು ಉಳಿಸಿರಲಿಲ್ಲ. ಅವಳಾಡಿದ ಮಾತು ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಅವಳು ಬಜಾರಿಯಾಗಿದ್ದಳು. ಶೇಖರಣ್ಣ ಬಾಯಲ್ಲಿ ಹಬ್ಬಿಸಿದ ಸುಳ್ಳಿಗೆ ನನ್ನ ಹೆಸರಿನ ಕೆಳಗೆ ಮಸಿ ಹಚ್ಚಿ ಸಾವಿರ ಪ್ರತಿ ತೆಗೆಯಲು ಹೊರಟಿದ್ದರು.

ಶನಿವಾರ ಆಫೀಸು ಅರ್ಧ ದಿನ. ನೇರ ಪ್ರೆಸ್ಸಿಗೆ ಹೋದೆ. ಸಂಪಾದಕ ಬಸವಂತಪ್ಪನವರು ಬೆಳಗಾವಿ ಕಡೆಯವರು, ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಕೆಟ್ಟವರಲ್ಲ. ಪತ್ರಿಕೆಗಾಗಿ ಮನೆ ಮಠ ಮರೆತವರು. ಅದಕ್ಕೇ ಸಿಟ್ಟು ಇನ್ನಷ್ಟು ಬಂತು.

“ಏನ್ರಿ ಇದು? ಯಾರನ್ನ ಕೇಳಿ ಬದಲಿ ಮಾಡೀರಿ?” ಕರಡನ್ನು ಅವರ ಮೇಜಿನ ಮೇಲೆ ಒಗೆದೆ.

“ಕೂಡ್ರಿ ಬಾಯಾರ.”

“ಕೂಡೂದಿಲ್ಲ. ಈಕಿ ಎಲ್ಲೆ ಚೀರ್ಯಾಳ್ರಿ? ನಾ ಬರದದ್ದರಾಗ ತೋರಸ್ರಿ.”

ಅವರು ಮೇಜಿನ ಗಾಜಿನ ಮೇಲಿದ್ದ ಕಾಗದಪತ್ರಗಳನ್ನು ಪಕ್ಕಕ್ಕೆ ಸರಿಸಿದರು. ಗಾಜಿನ ಕೆಳಗೆ ಒಂದು ಹಾಳೆ, ಮುತ್ತಿನಂಥ ಅಕ್ಷರದಲ್ಲಿ ಮೂರು ಸಾಲಾಗಿ ಬರೆದ ಕ್ರಿಯಾಪದಗಳು. ನುಡಿದ, ಉಸುರಿದ, ಅರುಹಿದ, ಉಲಿದ, ಗರ್ಜಿಸಿದ... ಒಟ್ಟು ಎಪ್ಪತ್ತೆರಡು. ಒಂದನ್ನು ಬಳಸಿದ ಮೇಲೆ ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಆ ಪುಟ ಮುಗಿಯುವವರೆಗೆ ಅದು ಮತ್ತೆ ಬರುವಂತಿಲ್ಲ. ಪುಟ ಮುಗಿದರೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಹನ್ನೊಂದು ವರ್ಷದ ಪದ್ಧತಿಯಂತೆ.

“ನಿಮ್ಮ ಕಥಿಯೊಳಗ ಮೂವತ್ತೆಂಟು ಸಲ ‘ಎಂದ’, ‘ಎಂದಳು’ ಐತ್ರಿ. ನಾ ಎಣಿಸೇನಿ. ಬಿಕ್ಕಳಿಕಿ ಹತ್ತಿದಂಗ ಆಗತೈತಿ. ಹೋದ ತಿಂಗಳ ವಿಕ್ರೋಳಿಯಿಂದ ಒಬ್ಬ ವಾಚಕರು ಪತ್ರಾ ಬರದಾರ, ನಿಮ್ಮ ಲೇಖಕರಿಗೆ ಬ್ಯಾರೆ ಶಬ್ದನ ಬರೂದಿಲ್ಲೇನು ಅಂತ.”

“ಅದಕ್ಕ ಆಕೀನ್ನ ಬಜಾರಿ ಮಾಡಬೇಕೇನ್ರಿ?”

“ಬಜಾರಿ ಎಲ್ಲೆ ಮಾಡೇನಿ? ಮಾತು ನಿಮ್ಮವ ಅದಾವ. ನಾ ಬರೇ ರಂಗು ಕೊಟ್ಟೇನಿ.”

“ಆಕಿ ಸಾವಕಾಶ ಮಾತಾಡಿದ್ಲು. ಅದ ಕಥಿ. ಬ್ಯಾರೆ ಏನೂ ಇಲ್ಲ ಅದರೊಳಗ.”

“ಸಾವಕಾಶ ಮಾತಾಡಿದ್ಲು ಅಂತ ಓದುವವಗ ಹೆಂಗ ಗೊತ್ತಾಗಬೇಕ್ರಿ?”

ಮೇಜಿನ ಮೇಲಿದ್ದ ಕರಡಿನಲ್ಲಿ ಅವಳು ಚೀರಿದ ಸಾಲಿಗೆ ಬೆರಳು ಕುಟ್ಟಿದೆ. ಅಷ್ಟರಲ್ಲಿ ಒಳಗಿನಿಂದ ಅಚ್ಚಿನ ಮೊಳೆ ಜೋಡಿಸುವ ಚೆನ್ನಯ ಎದ್ದು ಬಂದ. ಮಂಗಳೂರು ಕಡೆಯವನು, ಐವತ್ತು ದಾಟಿದವನು, ಬೆರಳ ತುದಿ ಸದಾ ಕಪ್ಪು.

“ಒಂದು ಹೇಳಲಾ ಸ್ವಾಮಿ, ಬೇಜಾರು ಮಾಡ್ಬೇಡಿ,” ಅವನು ಬಾಗಿಲಲ್ಲೇ ನಿಂತ. “ನಾನು ಮೊಳೆ ಜೋಡಿಸುವಾಗ ‘ಎಂದ’ ಬಂದ್ರೆ ಕಣ್ಣೇ ಬೇಡ. ಎ, ಸೊನ್ನೆ, ದ, ಮೊಳೆ ಪೆಟ್ಟಿಗೆಯ ಮೂರು ಮನೆಗೆ ಕೈ ತಾನೇ ಹೋಗ್ತದೆ. ‘ಹೂಂಕರಿಸಿದ’ ಬಂದ್ರೆ ಉಂಟಲ್ಲ, ನಿಲ್ಲಬೇಕು, ಬಗ್ಗಿ ಹುಡುಕಬೇಕು. ಅಷ್ಟರಲ್ಲಿ ಹಿಂದಿನ ಮಾತು ಎಂತದ್ದು ಅಂತ ಮರ್ತು ಹೋಗ್ತದೆ. ಓದುವವರಿಗೂ ಹಾಗೇ ಅಲ್ವಾ?”

“ನಿನ್ನ ಕೆಲಸಾ ನೋಡು,” ಬಸವಂತಪ್ಪನವರು ಗದರಿದರು. ಆದರೆ ಅವರ ಕಣ್ಣು ಕರಡಿನ ಮೇಲೆ ಹೋಯಿತು, ಉಲಿದ ಮಾಣಿಯ ಹತ್ತಿರ ಒಂದು ಗಳಿಗೆ ನಿಂತಿತು. ಕಿವಿಯ ಪೆನ್ಸಿಲು ತೆಗೆದು ಮೇಜಿಗೆ ಕುಟ್ಟಿದರು.

“ಹಂಗಾರ ನೀವ ಮಾಡಿ ತೋರಸ್ರಿ. ನನ್ನ ಪಟ್ಟೀದು ಒಂದೂ ಶಬ್ದ ಬ್ಯಾಡ. ಆದ್ರ ಆ ಬಿಕ್ಕಳಿಕಿನೂ ಇರಬಾರದು. ಓದುವಾಗ ನನ್ನ ನಾಲಿಗಿ ಎಲ್ಲೂ ಎಡವಬಾರದು. ಸೋಮವಾರ ಮಧ್ಯಾಹ್ನದ ತನಕ ಟೈಮು. ಇಲ್ಲಂದ್ರ ಈ ಕರಡ ಹೋಗತೈತಿ, ನನಗ ಮೂರು ಪುಟ ಖಾಲಿ ಬಿಡಾಕ ಆಗೂದಿಲ್ಲ.”

ಕಥೆಯೇ ಬೇಡ, ವಾಪಸು ಕೊಡಿ ಎನ್ನಬಹುದಿತ್ತು. ಆದರೆ ಕಥೆ ಬರದಿದ್ದರೆ ಫೋರ್ಟಿನಲ್ಲಿ ಉಳಿಯುವುದು ಶೇಖರಣ್ಣನ ಕಥೆ ಒಂದೇ. ಹೂಂ ಎಂದು ಕರಡು ಎತ್ತಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಒಲೆಯ ಮುಂದೆ ಕೂರಬೇಕಾದವಳು ಹಾಳೆಗಳ ಮುಂದೆ ಕೂತೆ. ಮೊದಲು ಬಸವಂತಪ್ಪನವರ ಎಲ್ಲ ಪದಗಳನ್ನೂ ಹೊಡೆದು ಹಾಕಿದೆ. ಒಂದೊಂದು ಗೀಟು ಎಳೆಯುವಾಗಲೂ ಒಂದೊಂದು ಬೈಗುಳ. ಆಮೇಲೆ ನನ್ನ ಮೂವತ್ತೆಂಟನ್ನು ನೋಡಿದೆ. ಬೈಯುತ್ತಲೇ ಒಪ್ಪಿಕೊಳ್ಳಬೇಕಾಯಿತು, ಮುದುಕ ಪೂರ್ತಿ ಸುಳ್ಳು ಹೇಳಿರಲಿಲ್ಲ. ಎದುರೆದುರು ನಿಂತ ಇಬ್ಬರೇ ಮಾತಾಡುತ್ತಿರುವಾಗ ಪ್ರತಿ ಸಾಲಿಗೂ ‘ಎಂದಳು’, ‘ಎಂದ’ ಯಾಕೆ? ಒಬ್ಬಳು ಕೇಳಿದರೆ ಉತ್ತರ ಕೊಡುವವನು ಇನ್ನೊಬ್ಬನೇ ಅಲ್ಲವೇ? ಹನ್ನೆರಡು ಕಡೆ ಏನನ್ನೂ ಹಾಕದೆ ಬಿಟ್ಟೆ. ಮಾತು ಹಗುರಾಯಿತು.

ಕೆಲವು ಕಡೆ ಯಾರು ಮಾತಾಡಿದರು ಎಂದು ಅವರ ಕೈಯೇ ಹೇಳುತ್ತಿತ್ತು. ಶೇಖರಣ್ಣ ಚಿಲ್ಲರೆ ಕೊಡುವುದನ್ನು ನಿಲ್ಲಿಸಿರಲಿಲ್ಲವಲ್ಲ. “‘ಹೊರಗೆ ಹೋಗಿ ಮಾತಾಡು.’ ಅವನು ಮುಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದ.” ಇಲ್ಲಿ ಹೂಂಕರಿಸುವ ಅಗತ್ಯವೇ ಇಲ್ಲ. ಹೂಂಕರಿಸಿದ್ದರೆ ಅವನು ಅವಳನ್ನು ಲೆಕ್ಕಕ್ಕಾದರೂ ತೆಗೆದುಕೊಂಡಂತಾಗುತ್ತಿತ್ತು. ಮಾಣಿಗೆ ‘ಕೂಗಿದ’ ಎಂದು ಬರೆದೆ. ಮಾಣಿಗಳು ಕೂಗುತ್ತಾರೆ, ಓದುವವರು ದಿನಾ ಕೇಳುತ್ತಾರೆ, ಯಾರೂ ಎಡವುವುದಿಲ್ಲ.

ಕಷ್ಟವಾದದ್ದು ಅವಳ ಮಾತುಗಳು. ದನಿಯ ಸದ್ದು ಹೇಳುವ ಪದಗಳನ್ನೆಲ್ಲ ಹುಡುಕಿ ಹುಡುಕಿ ಸಾಕಾಯಿತು. ಪಿಸುಗುಟ್ಟಿದಳು ಎಂದರೆ ಹೆದರಿದಂತೆ, ಉಸುರಿದಳು ಎಂದರೆ ನಾಟಕದಂತೆ. ಆಮೇಲೆ ಹೊಳೆಯಿತು. ಅವಳು ಎಷ್ಟು ಗಟ್ಟಿಯಾಗಿ ಮಾತಾಡಿದಳು ಎಂದು ಯಾಕೆ ಹುಡುಕಬೇಕು? ಮಾತಾಡುತ್ತ ಅವಳು ಏನು ಮಾಡುತ್ತಿದ್ದಳು ಎಂದು ನೋಡಬೇಕಿತ್ತು. ಎರಡು ಕಡೆ ಹೊಸ ಪದ ಇಟ್ಟೆ. ಉಳಿದಲ್ಲಿ ‘ಎಂದಳು’ ಸಾಕಾಗಿತ್ತು, ಅದನ್ನು ಹಾಗೇ ಉಳಿಸಿದೆ. ಕೊನೆಗೆ ಎಣಿಸಿದರೆ ಅಂಥವು ಹದಿಮೂರು.

ಮಧ್ಯಾಹ್ನ ಕೆಳಗೆ ಹೋದೆ. ಕಥೆ ಬರೆಯುತ್ತೇನೆಂದು ಶೀಲಾವತಿಗೆ ಹೇಳಿದ್ದೆ, ಓದಿ ತೋರಿಸಿರಲಿಲ್ಲ. ಅವಳು ಗೋಡೆಗೊರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಂಗಾರ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಗಟ್ಟಿಯಾಗಿ ಓದಿದೆ.

“‘ಕುಡಿದು ಬಂದರೆ ಕೈ ಸುಡದೆ ಇನ್ನೇನಾಗುತ್ತದೆ?’

“‘ಅವರು ಕುಡಿಯುವುದಿಲ್ಲ,’ ಅವಳು ತಿದ್ದಿದಳು. ‘ಮುಚ್ಚಳದ ಹಿಡಿ ಸಡಿಲ ಉಂಟು ಅಂತ ನಿಮಗೆ ಹೇಳಿದ್ದರು. ಸೋಮವಾರ ಒಮ್ಮೆ, ಬುಧವಾರ ಒಮ್ಮೆ, ಹಿಂದಿನ ದಿನ ಸಂಜೆ ಒಮ್ಮೆ,’ ಎಣಿಸಿದಳು.”

ಅಕ್ಕಿಯ ಮೇಲಾಡುತ್ತಿದ್ದ ಬೆರಳು ನಿಂತವು. “ಹೌದಕ್ಕ. ಬೆರಳು ಮಡಚಿ ಹೇಳಿದ್ದು. ನಿಮಗೆ ಕಾಣ್ತಿತ್ತಾ?”

“ಕಾಣತಿತ್ತು.”

ನನಗೆ ಹೆಮ್ಮೆಯೋ ಹೆಮ್ಮೆ. ಎಪ್ಪತ್ತೆರಡರಲ್ಲಿ ಇಲ್ಲದ ಪದ, ಅವಳೇ ಹೌದೆಂದ ಪದ. ಮುಂದೆ ಓದುತ್ತ ಕೊನೆಯ ಮಾತಿಗೆ ಬಂದೆ. “‘ಅವರು ಕುಡಿದಿರಲಿಲ್ಲ ಅಂತ ಇಷ್ಟು ಜನರ ಎದುರು ನೀವು ಹೇಳಬೇಕು,’ ಎಂದು ಬೇಡಿಕೊಂಡಳು.”

“ನಾನು ಬೇಡಲಿಲ್ಲ,” ಎಂದಳು ಶೀಲಾವತಿ.

ನಾನು ಹಾಳೆ ನೋಡಿದೆ. ಆ ಪದ ಬಸವಂತಪ್ಪನವರದಲ್ಲ. ನನ್ನದೇ. ಕೈಬರಹದಲ್ಲೇ ಹಾಗೆ ಬರೆದಿದ್ದೆ. ಕಥೆಯಲ್ಲಿ ‘ಎಂದಳು’ ಬಿಟ್ಟು ನಾನಾಗಿ ಹಾಕಿದ ಒಂದೇ ಒಂದು ಪದ, ಸಂಪಾದಕರ ಪೆನ್ಸಿಲಿಗೂ ಅದು ಒಪ್ಪಿಗೆಯಾಗಿತ್ತು. ಮೂರು ದಿನದಿಂದ ಊರವರ ಮೇಲೆಲ್ಲ ಹರಿಹಾಯುತ್ತಿದ್ದವಳಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

“ಬೇಡುವುದಾದ್ರೆ ಹಿಂದಿನ ಬಾಗಿಲಿಂದ ಹೋಗ್ತಿದ್ದೆ ಅಕ್ಕ. ಕೇಳ್ಲಿಕ್ಕೆ ಅಂತ ಮುಂದಿನ ಬಾಗಿಲಿಂದ ಹೋದದ್ದು.” ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದು ಕೇಳಿದಳು: “ಇದರಲ್ಲಿ ನೀವು ಎಲ್ಲಿದ್ದೀರಿ?”

“ನಾ ಇಲ್ಲ. ಕಥಿಯೊಳಗ ನಾ ಬರೂದಿಲ್ಲ.”

“ಅಲ್ಲೇ ಇದ್ರಿ ಅಲ್ವಾ? ನಾನು ಹೋದ ಮೇಲೆ ಅವರು ಹಾಗೆ ಹೇಳುವಾಗ ನೀವು ಎಂತ ಹೇಳಿದ್ರಿ?”

ಜಗಳಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದಳು, ಅಷ್ಟೇ. ನಾನು ಏನೂ ಹೇಳಿರಲಿಲ್ಲ. ನಾನು ಕೈ ತೊಳೆಯುತ್ತಿದ್ದಾಗಲೇ ಶೇಖರಣ್ಣ ಪಕ್ಕದವನಿಗೆ, ಹೇಗೆ ಕಿರುಚಿದಳು ನೋಡಿ ಎನ್ನುತ್ತಿದ್ದ. ನಾನು ಬಿಲ್ಲಿನ ಮೇಲೆ ಚಿಲ್ಲರೆ ಇಟ್ಟು ಆಫೀಸಿಗೆ ಹೋಗಿದ್ದೆ. ಎರಡು ಗಂಟೆಗೆ ಸಾಹೇಬರ ಡಿಕ್ಟೇಶನ್ ಇತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಮೊರಕ್ಕೆ ಬಗ್ಗಿದಳು. ನನ್ನ ಮೇಲೆ ನನಗೆ ಬಂದಂಥ ಸಿಟ್ಟು ಬಸವಂತಪ್ಪನವರ ಮೇಲೂ ಬಂದಿರಲಿಲ್ಲ.

ಸೋಮವಾರ ಊಟದ ಹೊತ್ತಿಗೆ ಪ್ರೆಸ್ಸಿಗೆ ಹೋದೆ. ಬಸವಂತಪ್ಪನವರು ಕೆಂಪು ಪೆನ್ಸಿಲು ಹಿಡಿದು ಗಟ್ಟಿಯಾಗಿ ಓದಲು ಶುರು ಮಾಡಿದರು, ಎಡವಿದರೆ ಗುರುತು ಹಾಕಲು. ಮೊದಲ ಪುಟ ಮುಗಿಯಿತು. ಎರಡನೆಯದೂ ಮುಗಿಯಿತು. ‘ತಿದ್ದಿದಳು’ ಬಂದಾಗ ಹುಬ್ಬು ಏರಿತು, ಆದರೆ ನಾಲಿಗೆ ನಿಲ್ಲಲಿಲ್ಲ. ‘ಎಣಿಸಿದಳು’ ಬಂದಾಗ ಅವರಿಗೆ ಗೊತ್ತಿಲ್ಲದೆಯೇ ಎಡಗೈಯ ಮೂರು ಬೆರಳು ಮಡಚಿಕೊಂಡವು. ಚೆನ್ನಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ‘ಬೇಡಿಕೊಂಡಳು’ ಇದ್ದಲ್ಲಿ ಈಗ ‘ಎಂದಳು’ ಇತ್ತು.

“ಇಲ್ಲೆ ಛಂದ ಶಬ್ದ ಇತ್ತಲ್ರಿ. ಯಾಕ ತಗದ್ರಿ?”

“ಸುಳ್ಳಿತ್ತು.”

ಅವರು ನನ್ನ ಮುಖ ನೋಡಿದರು, ಒತ್ತಾಯಿಸಲಿಲ್ಲ. ಹೊಸದಾಗಿ ಸೇರಿಸಿದ ಕೊನೆಯ ಐದು ಸಾಲನ್ನು ಎರಡು ಸಲ ಓದಿದರು. ಫ್ಯಾಮಿಲಿ ರೂಮಿನಲ್ಲಿ ಒಬ್ಬ ಟೈಪಿಸ್ಟು ಕೂತಿದ್ದಾಳೆ, ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಮಾಲೀಕ ಸುಳ್ಳು ಹೇಳುವಾಗ ಬಿಲ್ಲು ಇಟ್ಟು ಹೋಗುತ್ತಾಳೆ.

“ಈ ಟೈಪಿಸ್ಟು ಏನಂದ್ಲು? ಅದನ್ನ ಬರದಿಲ್ಲ ನೀವು.”

“ಏನೂ ಅನ್ನಲಿಲ್ಲರಿ.”

“ಜನಾ ಇದು ನೀವ ಅಂತ ತಿಳಕೋತಾರ ಬಾಯಾರ.”

“ತಿಳಕೊಳ್ಳಲಿ.”

ಬಸವಂತಪ್ಪನವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಹಾಳೆಗಳನ್ನು ಚೆನ್ನಯನಿಗೆ ಕೊಟ್ಟರು. ಗುರುತು ಒಂದೂ ಬಿದ್ದಿರಲಿಲ್ಲ. ಗಾಜಿನ ಕೆಳಗಿನ ಪಟ್ಟಿಯನ್ನು ಮಾತ್ರ ತೆಗೆಯಲಿಲ್ಲ, ಈಗಲೂ ಅಲ್ಲೇ ಇದೆ. ಮೂರು ಪುಟದ ಮೊಳೆಗಳನ್ನೂ ಬಿಚ್ಚಿ ಸಾಲು ಸಾಲಾಗಿ ಮತ್ತೆ ಜೋಡಿಸಲು ಚೆನ್ನಯನಿಗೆ ಎರಡು ದಿನ ಹಿಡಿಯಿತು. ಅವನು ಗೊಣಗಲಿಲ್ಲ.

ಸಂಚಿಕೆ ಬಂತು. ಶೇಖರಣ್ಣ ತನ್ನ ಗಲ್ಲಾದ ಪಕ್ಕದಿಂದ ಅದನ್ನು ತೆಗೆಸಿದನಂತೆ. ಆದರೆ ಉಳಿದ ಹೋಟೆಲುಗಳಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಅವತ್ತು ಅಲ್ಲಿ ಊಟಕ್ಕೆ ಕೂತಿದ್ದವರು ಒಬ್ಬೊಬ್ಬರಾಗಿ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಮೊದಲು ಬಂದವರು ನಮ್ಮ ಆಫೀಸಿನ ಹಿರಿಯ ಕ್ಲಾರ್ಕು ಸಿದ್ದಲಿಂಗಪ್ಪನವರು, ವಿಜಾಪುರದ ಕಡೆಯವರು. ನನ್ನ ಮೇಜಿನ ಮೇಲೆ ಬಗ್ಗಿ, ಅತ್ತಿತ್ತ ನೋಡಿ, “ನಾನೂ ಅಲ್ಲೇ ಇದ್ನೆವ್ವಾ. ಖರೇನ ಬರದಿ. ಆ ಹೆಣಮಗಳು ಒದರಲಿಲ್ಲ,” ಎಂದು ಪಿಸುಗುಟ್ಟಿದರು. ಆಮೇಲೆ ಬ್ಯಾಂಕಿನವರೊಬ್ಬರು ಮೆಟ್ಟಿಲಲ್ಲಿ ನಿಲ್ಲಿಸಿ ಪಿಸುಗುಟ್ಟಿದರು. ಕೋರ್ಟಿನ ಗುಮಾಸ್ತರೊಬ್ಬರು ಸ್ಟೇಷನ್ನಿನ ಗದ್ದಲದಲ್ಲೂ ಪಿಸುಗುಟ್ಟಿದರು. ವಾರದಲ್ಲಿ ಒಂಬತ್ತು ಜನ. ಒಂಬತ್ತು ಗಂಡಸರಿಗೆ ಎಲ್ಲವೂ ಗೊತ್ತಿತ್ತು. ಒಂಬತ್ತು ಜನರೂ ದಿನಾ ಅದೇ ಹೋಟೆಲಿನಲ್ಲಿ ಕೂತು ಅದೇ ಸಾಂಬಾರು ಸುರಿದುಕೊಳ್ಳುತ್ತಿದ್ದರು. ಇವರ ನಾಲಿಗೆಗೆ ಏನು ಬಡಿದಿತ್ತು?

ಶೀಲಾವತಿಗೆ ಹೇಳಿದೆ, ಒಂಬತ್ತು ಜನ ಹೌದೆಂದರು ಎಂದು.

“ಧಣಿಗಳ ಹತ್ರ ಹೇಳಿದ್ರಾ?”

“ಇಲ್ಲ. ನನ್ನ ಹತ್ರ ಹೇಳಿದ್ರು.”

“ಹೌದಾ,” ಎಂದಳು. ಅಂಗಾರನಿಗೆ ಇನ್ನೂ ಎಲ್ಲೂ ಕೆಲಸ ಸಿಕ್ಕಿರಲಿಲ್ಲ.

ಮರುದಿನ ಒಂದು ಗಂಟೆಗೆ ಪತ್ರಿಕೆ ಹಿಡಿದು ಆ ಹೋಟೆಲಿಗೆ ಹೋದೆ. ಫ್ಯಾಮಿಲಿ ರೂಮಿಗೆ ಹೋಗಲಿಲ್ಲ. ಅವಳು ನಿಂತಿದ್ದಲ್ಲೇ, ಗಲ್ಲಾದ ಎದುರು ನಿಂತೆ. ಮೇಜುಗಳೆಲ್ಲ ತುಂಬಿದ್ದವು. ಸಿದ್ದಲಿಂಗಪ್ಪನವರು ಕಿಟಕಿಯ ಹತ್ತಿರ ಅನ್ನ ಕಲಸುತ್ತಿದ್ದರು. ಪುಟ ತೆಗೆದು ಓದತೊಡಗಿದೆ. ಆಫೀಸಿನಲ್ಲಿ ಸಾಹೇಬರಿಗೆ ಕಾಗದ ಓದಿ ತೋರಿಸುವ ದನಿ, ಅದಕ್ಕಿಂತ ಮೇಲಲ್ಲ. ಮುಚ್ಚಳದ ಮಾತು ಓದಿದೆ. ಸೋಮವಾರ, ಬುಧವಾರ, ಹಿಂದಿನ ಸಂಜೆ. ಹತ್ತಿರದ ಎರಡು ಮೇಜಿನವರು ಅಗಿಯುವುದನ್ನು ನಿಲ್ಲಿಸಿದರು. ಟೈಪಿಸ್ಟಿನ ಐದು ಸಾಲನ್ನೂ ಓದಿದೆ. ಆಮೇಲೆ ಪತ್ರಿಕೆ ಮಡಚಿ, “ಈ ಟೈಪಿಸ್ಟು ನಾನ. ಅವತ್ತ ಹೇಳಬೇಕಾಗಿತ್ತು, ಇವತ್ತ ಹೇಳತೇನಿ. ಶೀಲಾವತಿ ಕಿರಚಿಲ್ಲ. ಅಂಗಾರ ಕುಡದಿದ್ದಿಲ್ಲ,” ಎಂದೆ.

ಶೇಖರಣ್ಣ ಚಿಲ್ಲರೆಯಿಂದ ಕಣ್ಣು ತೆಗೆಯಲಿಲ್ಲ.

“ಬಾಯಿ, ಎಂತಕ್ಕೆ ಹೀಗೆ ಕಿರುಚ್ತೀರಿ? ಗಿರಾಕಿಗಳಿದ್ದಾರೆ.”

ಹೋಟೆಲು ಪೂರ್ತಿ ಅದನ್ನು ಕೇಳಿಸಿಕೊಂಡಿತು. ನನ್ನ ದನಿ ಹೇಗಿತ್ತು ಎನ್ನುವುದನ್ನೂ ಕೇಳಿಸಿಕೊಂಡಿತ್ತು. ಹಿಂದೆ ಕುರ್ಚಿಯೊಂದು ಸರಿದ ಸದ್ದಾಯಿತು. ತಿರುಗಿದೆ. ಸಿದ್ದಲಿಂಗಪ್ಪನವರು ಸಾಂಬಾರಿನ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ಎದ್ದು ನಿಂತಿದ್ದರು.

“ಯಾರೂ ಕಿರಚಿಲ್ಲರಿ,” ಎಂದರು. “ಈ ಬಾಯಾರೂ ಕಿರಚಿಲ್ಲ, ಅವತ್ತ ಆ ಹೆಣಮಗಳೂ ಕಿರಚಿಲ್ಲ. ನಾ ಇಲ್ಲೇ ಕುಂತಿದ್ದೆ.”

ಶೇಖರಣ್ಣ ತಲೆಯೆತ್ತಿ ಅವರತ್ತ ನೋಡುವಷ್ಟರಲ್ಲಿ ಆಚೆ ಮೇಜಿನಿಂದ ಬ್ಯಾಂಕಿನವರೂ ಎದ್ದು ನಿಂತಿದ್ದರು.